24 ತೋರಿಸದ ಕೌಂಟರ್

ಪ್ರಶ್ನೆ: ಒಂದೇ ಪುಶ್ ಬಟನ್‌ನಲ್ಲಿ ಮೋಟಾರ್ ಸ್ಟಾರ್ಟ್-ಸ್ಟಾಪ್ ಮಾಡೋಕೆ ಪಿಎಲ್‌ಸಿ ಲ್ಯಾಡರ್‌ನಲ್ಲಿ ಎರಡು ರಂಗ್ ಬರೆದಿದ್ದೇನೆ. ಸ್ಟಾರ್ಟ್ ಆಗ್ತಿಲ್ಲ. ರಂಗ್ ಅದಲುಬದಲು ಮಾಡಿದ್ರೆ ಸ್ಟಾರ್ಟ್ ಆಗುತ್ತೆ, ಆದ್ರೆ ನಿಲ್ಲಲ್ಲ. ಲಾಜಿಕ್ ಎರಡರಲ್ಲೂ ಒಂದೇ ಅಲ್ವಾ? ಸ್ಪೀಡ್ ಜಾಸ್ತಿ ಇರೋ ಪಿಎಲ್‌ಸಿ ತಗೊಂಡ್ರೆ ಸರಿ ಹೋಗುತ್ತಾ?

ತಗೋಬೇಡಿ. ನಾನು ತಗೊಂಡಿದ್ದೆ. 28 ಸಾವಿರ ರೂಪಾಯಿ, ನನ್ನ ಬಿಲ್ಲಿನಲ್ಲೇ ಮುರಿದುಕೊಂಡರು.

ತುಮಕೂರಿನ ವಸಂತನರಸಾಪುರದಲ್ಲಿ ಒಂದು ಕೊಬ್ಬರಿ ಪುಡಿ ಪ್ಯಾಕಿಂಗ್ ಲೈನ್. ಪ್ಯಾನೆಲ್ ವೈರಿಂಗೂ ನನ್ನದೇ, ಪ್ರೋಗ್ರಾಮೂ ನನ್ನದೇ. ಬೆಲ್ಟ್ ಮೇಲೆ ಪೊಟ್ಟಣ ಬರುತ್ತದೆ, ಸೆನ್ಸರ್ ಎಣಿಸುತ್ತದೆ. 24 ಆದ ತಕ್ಷಣ ಗಾಳಿ ಸಿಲಿಂಡರ್ ಅಷ್ಟನ್ನೂ ರಟ್ಟಿನ ಪೆಟ್ಟಿಗೆಗೆ ತಳ್ಳುತ್ತದೆ. ಎಂಟು ತಿಂಗಳು ಒಂದು ದಿನವೂ ಕೈಕೊಡದೆ ಓಡಿತ್ತು. ಒಂದು ಭಾನುವಾರ ಬೇರೇನೋ ಸಣ್ಣ ಕೆಲಸಕ್ಕೆ ಹೋದವನು ಪ್ರೋಗ್ರಾಂ ತೆರೆದು ನೋಡಿದೆ. ಕೌಂಟರ್ ಒಂದು ಕಡೆ ಇತ್ತು, ಅದರ ರೀಸೆಟ್ ಎಲ್ಲೋ ಕೆಳಗೆ ಬಿದ್ದಿತ್ತು. ನೋಡೋಕೆ ಚೆನ್ನಾಗಿಲ್ಲ ಅಂತ ರೀಸೆಟ್ ಅನ್ನು ಎತ್ತಿ ಕೌಂಟರ್ ಕೆಳಗೇ ತಂದಿಟ್ಟೆ. ಒಂದು ಕಾಂಟ್ಯಾಕ್ಟ್ ಕೂಡ ಬದಲಿಸಲಿಲ್ಲ. ಜಾಗ ಮಾತ್ರ ಬದಲಾಯಿತು. ಸೆಕ್ಯುರಿಟಿಯವನ ಹತ್ತಿರ ಸಹಿ ಹಾಕಿ ಮನೆಗೆ ಬಂದೆ.

ಸೋಮವಾರ ಬೆಳಗ್ಗೆ ಫೋನ್. ಸಿಲಿಂಡರ್ ತಳ್ಳುತ್ತಿಲ್ಲ. ಪೊಟ್ಟಣಗಳು ಬೆಲ್ಟ್ ತುದಿಯಲ್ಲಿ ಗುಡ್ಡೆ ಬೀಳುತ್ತಿವೆ.

ಆ ಮೂರು ರಂಗ್ ಈಗ ಹೀಗಿದ್ದವು. ಮಿತ್ಸುಬಿಷಿ ಎಫ್‌ಎಕ್ಸ್‌ನಲ್ಲಿ ಬರೆಯುವ ರೀತಿಯಲ್ಲಿ ಕೊಟ್ಟಿದ್ದೇನೆ. X1 ಪೊಟ್ಟಣ ಎಣಿಸುವ ಸೆನ್ಸರ್, C0 ಕೌಂಟರ್, Y5 ಸಿಲಿಂಡರ್ ವಾಲ್ವ್.

```
LD  X1
OUT C0 K24

LD  C0
RST C0

LD  C0
SET Y5
```

ಹಾಳೆ ಮೇಲೆ ನೋಡಿದರೆ ತಪ್ಪೇ ಇಲ್ಲ. 24 ಆದರೆ ಕೌಂಟರ್ ರೀಸೆಟ್ ಮಾಡು, 24 ಆದರೆ ಸಿಲಿಂಡರ್ ತಳ್ಳು. ರಿಲೇ ಪ್ಯಾನೆಲ್ ಕಟ್ಟಿ ಬೆಳೆದವನ ಕಣ್ಣಿಗೆ ಎರಡೂ ಒಟ್ಟಿಗೇ ಆಗುತ್ತವೆ. ಏಕೆಂದರೆ ಪ್ಯಾನೆಲ್‌ನಲ್ಲಿ ಎಲ್ಲ ವೈರಿಗೂ ಒಂದೇ ಹೊತ್ತಿಗೆ ಕರೆಂಟ್ ಇರುತ್ತದೆ. ಲ್ಯಾಡರ್ ಚಿತ್ರ ನೋಡೋಕೆ ವೈರಿಂಗ್ ತರ ಇರೋದೇ ನಮ್ಮಂಥವರಿಗೆ ಬಿದ್ದ ದೊಡ್ಡ ಮೋಸ. ಪಿಎಲ್‌ಸಿ ಅದನ್ನು ಓದುವುದು ದಿನಸಿ ಚೀಟಿ ಓದಿದ ಹಾಗೆ, ಮೇಲಿನಿಂದ ಕೆಳಕ್ಕೆ, ಒಂದಾದ ಮೇಲೆ ಒಂದು.

ಒಂದು ಸುತ್ತಿನಲ್ಲಿ ಅದು ಮಾಡೋದು ಇಷ್ಟು. ಮೊದಲು ಎಲ್ಲ ಇನ್‌ಪುಟ್‌ಗಳನ್ನೂ ಒಮ್ಮೆ ನೋಡಿ ಮೆಮೊರಿಯಲ್ಲಿ ಬರೆದುಕೊಳ್ಳುತ್ತದೆ. ಆಮೇಲೆ ಹೊರಗೆ ಸೆನ್ಸರ್ ಏನೇ ಆಗಲಿ, ಆ ಸುತ್ತು ಮುಗಿಯುವವರೆಗೆ ಬರೆದುಕೊಂಡಿದ್ದನ್ನೇ ನಂಬುತ್ತದೆ. ನಂತರ ಮೊದಲ ರಂಗ್‌ನಿಂದ ಕೊನೆಯ ರಂಗ್‌ವರೆಗೆ ಲೆಕ್ಕ. ಇಲ್ಲಿ ಒಂದು ರಂಗ್ ಬಿಟ್ ಬದಲಿಸಿದರೆ ಕೆಳಗಿನ ರಂಗ್‌ಗೆ ಆಗಲೇ ಹೊಸ ಬೆಲೆ ಕಾಣುತ್ತದೆ. ಮೇಲಿನ ರಂಗ್‌ಗೆ ಮುಂದಿನ ಸುತ್ತಿನಲ್ಲೇ ಕಾಣೋದು. Y ಬಿಟ್‌ಗಳೂ ಅಲ್ಲಿಯವರೆಗೆ ಬರೀ ಮೆಮೊರಿಯಲ್ಲಿ ಇರುತ್ತವೆ. ಕೊನೆಯ ರಂಗ್ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಟರ್ಮಿನಲ್‌ಗೆ ಕಳಿಸುತ್ತದೆ. ಲ್ಯಾಪ್‌ಟಾಪ್ ಜೊತೆ ಮಾತಾಡೋದೂ ಈ ಕೊನೆಯ ಹಂತದಲ್ಲೇ. ಮತ್ತೆ ಮೊದಲಿನಿಂದ. ನನ್ನ ಯಂತ್ರದಲ್ಲಿ ಒಂದು ಸುತ್ತಿಗೆ ಸುಮಾರು 9 ಮಿಲಿಸೆಕೆಂಡ್ ಹಿಡಿಯುತ್ತಿತ್ತು.

ಈಗ 24ನೇ ಪೊಟ್ಟಣ ಬಂದ ಸುತ್ತನ್ನು ನೋಡಿ. ಮೊದಲ ರಂಗ್‌ನಲ್ಲಿ ಎಣಿಕೆ 24 ಆಯಿತು, C0 ಆನ್. ಎರಡನೇ ರಂಗ್‌ನಲ್ಲಿ C0 ಆನ್ ಇದೆ, ಹಾಗಾಗಿ ರೀಸೆಟ್. ಎಣಿಕೆ ಸೊನ್ನೆ, C0 ಆಫ್. ಮೂರನೇ ರಂಗ್ ಕಣ್ಣು ಬಿಡುವಷ್ಟರಲ್ಲಿ C0 ಆಫ್ ಆಗಿ ಹೋಗಿದೆ. ಸಿಲಿಂಡರಿಗೆ ಸುದ್ದಿಯೇ ಮುಟ್ಟಲಿಲ್ಲ. C0 ಬದುಕಿದ್ದು ಎರಡು ರಂಗ್ ನಡುವಿನ ಕೆಲವು ಮೈಕ್ರೋಸೆಕೆಂಡ್ ಮಾತ್ರ.

ಇದು ಈಗ ಹೇಳೋಕೆ ಸುಲಭ. ಅವತ್ತು ನಾನು ಮಾಡಿದ್ದು ಏನು ಗೊತ್ತಾ? ಲ್ಯಾಪ್‌ಟಾಪ್ ಹಾಕಿ ಮಾನಿಟರ್ ನೋಡಿದೆ. ಎರಡು ಸೆಕೆಂಡಿಗೆ ಒಂದು ಪೊಟ್ಟಣ ಬರುತ್ತಿತ್ತು, ಆದ್ದರಿಂದ ಎಣಿಕೆ ಕಣ್ಣಿಗೆ ಆರಾಮಾಗಿ ಕಾಣುತ್ತಿತ್ತು. 21, 22, 23, ಆಮೇಲೆ ನೇರ 0. ಹತ್ತು ಸಲ ನೋಡಿದರೂ 24 ಬರಲೇ ಇಲ್ಲ. C0 ಒಂದು ಸಲವೂ ಆನ್ ಆಗಲಿಲ್ಲ. ಸಿಕ್ಕಿತು ಅಂದುಕೊಂಡೆ. ಕೊನೆಯ ಪೊಟ್ಟಣವನ್ನು ಪಿಎಲ್‌ಸಿ ಎಣಿಸದೆ ಬಿಡುತ್ತಿದೆ, ಸಿಗ್ನಲ್ ಬರುವ ವೇಗಕ್ಕೆ ಅದು ಸಾಲುತ್ತಿಲ್ಲ ಅಂತ. ಎಣಿಸದೇ ಇದ್ದರೆ ಸೊನ್ನೆಗೆ ಹೋಗಿದ್ದು ಹೇಗೆ? ಆ ಪ್ರಶ್ನೆ ಮಾತ್ರ ತಲೆಗೆ ಹೊಳೆಯಲಿಲ್ಲ ನೋಡಿ.

ಅಲ್ಲಿಂದ ಶುರುವಾಯಿತು ನನ್ನ ಶನಿಕಾಟ. ಸೆನ್ಸರ್ ಬದಲಿಸಿದೆ. ವಾಲ್ವ್ ಕಾಯಿಲ್ ಬದಲಿಸಿದೆ. ಕೈಯಿಂದ ಒತ್ತಿದರೆ ಸಿಲಿಂಡರ್ ಸರಿಯಾಗಿಯೇ ತಳ್ಳುತ್ತಿತ್ತು, ಆದರೂ ಬದಲಿಸಿದೆ. ಮಂಗಳವಾರ ಬೆಂಗಳೂರಿಗೆ ಹೋಗಿ ವೇಗದ ಸಿಪಿಯು ತಂದೆ. ಅದರಲ್ಲಿ ಸುತ್ತು 1 ಮಿಲಿಸೆಕೆಂಡಿಗೆ ಇಳಿಯಿತು. ಪರದೆ ಮೇಲೆ ಮತ್ತೆ ಅದೇ 22, 23, 0. ಅಷ್ಟು ಹೊತ್ತಿಗೆ ಎರಡು ದಿನದಿಂದ ಹೆಂಗಸರು ಕೈಯಲ್ಲೇ 24 ಎಣಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅವರಲ್ಲೊಬ್ಬರು "ನಿಮ್ಮ ಮಿಸಿನ್‌ಗಿಂತ ನಾವೇ ವಾಸಿ ಅಲ್ವೇನಣ್ಣ" ಅಂದರು. ಉತ್ತರ ಇರಲಿಲ್ಲ.

ವೇಗ ಲೆಕ್ಕಕ್ಕೆ ಬರೋದು ಬೇರೆ ಕಡೆ. ಸಿಗ್ನಲ್ ಒಂದು ಸುತ್ತಿಗಿಂತ ಕಡಿಮೆ ಹೊತ್ತು ಇದ್ದರೆ ಪಿಎಲ್‌ಸಿ ಅದನ್ನು ನೋಡದೇ ಇರಬಹುದು. ನನ್ನ ಪೊಟ್ಟಣ 150 ಮಿಲಿಮೀಟರ್ ಉದ್ದ, ಬೆಲ್ಟ್ ಸೆಕೆಂಡಿಗೆ 300 ಮಿಲಿಮೀಟರ್. ಅಂದರೆ ಸೆನ್ಸರ್ ಅರ್ಧ ಸೆಕೆಂಡ್ ಆನ್ ಇರುತ್ತದೆ. 9 ಮಿಲಿಸೆಕೆಂಡಿನ ಹಳೆ ಸಿಪಿಯು ಅದನ್ನು 50ಕ್ಕೂ ಹೆಚ್ಚು ಸಲ ನೋಡುತ್ತಿತ್ತು. ಈ ಭಾಗಾಕಾರ ಬಸ್ ಹತ್ತುವ ಮೊದಲೇ ಮಾಡಬಹುದಿತ್ತು.

ಬುಧವಾರ ನನಗೆ ಕೆಲಸ ಕಲಿಸಿದ ಹಿರಿಯರಿಗೆ ಫೋನ್ ಮಾಡಿದೆ. "ಏನಪ್ಪಾ ಬದಲಾಯಿಸಿದೆ?" ಅಂತ ಕೇಳಿದರು. "ಏನೂ ಇಲ್ಲ ಸಾರ್, ಸುಮ್ನೆ ರಂಗ್ ನೀಟಾಗಿ ಜೋಡಿಸಿದೆ ಅಷ್ಟೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆ ಸುಮ್ನೆ ಇದೆಯಲ್ಲ, ಅದರ ಮೇಲೊಂದು ಕೆಳಗೊಂದು ಎಣಿಕೆ ಹಾಕು" ಅಂದರು.

ಹಾಗೆಂದರೆ ರೀಸೆಟ್ ರಂಗ್‌ನ ಮೇಲೆ ಒಂದು, ಕೆಳಗೆ ಒಂದು ಬೇಹುಗಾರ ರಂಗ್:

```
LD   C0
INCP D10

LD   C0
RST  C0

LD   C0
INCP D11
```

C0 ಆನ್ ಆದದ್ದು ಕಂಡರೆ ಆಯಾ ರಿಜಿಸ್ಟರ್ ಒಂದು ಹೆಚ್ಚುತ್ತದೆ. ಬಿಟ್ ಮಿಂಚಿ ಮಾಯವಾದರೂ ರಿಜಿಸ್ಟರ್‌ನಲ್ಲಿ ಲೆಕ್ಕ ಉಳಿಯುತ್ತದೆ. ಅರ್ಧ ಗಂಟೆ ಓಡಿಸಿದೆ. ಪ್ರತಿ 24 ಪೊಟ್ಟಣಕ್ಕೆ D10 ಒಂದೊಂದು ಏರುತ್ತಾ ಹೋಯಿತು. D11 ಸೊನ್ನೆಯಲ್ಲೇ ಕೂತಿತ್ತು. ಎಣಿಕೆ ತಪ್ಪೇ ಇಲ್ಲ, ನಾನೇ ಮಧ್ಯದಲ್ಲಿ ಅಳಿಸುತ್ತಿದ್ದೇನೆ ಅಂತ ಆಗ ತಿಳಿಯಿತು. ಮಾನಿಟರ್ ಸುತ್ತಿನ ಕೊನೆಯ ಸ್ಥಿತಿಯನ್ನಷ್ಟೇ ತೋರಿಸುತ್ತದೆ. ಮಧ್ಯದಲ್ಲಿ ಹುಟ್ಟಿ ಸತ್ತಿದ್ದನ್ನು ಅದು ಯಾವತ್ತೂ ತೋರಿಸುವುದಿಲ್ಲ.

ರೀಸೆಟ್ ಅನ್ನು ಮೊದಲಿನ ಹಾಗೆ `SET Y5` ಕೆಳಗೆ ಇಟ್ಟೆ. ಸಿಲಿಂಡರ್ ತಳ್ಳಿತು. ನನಗೆ ಇನ್ನೂ ನಾಚಿಕೆಯಾಗಿದ್ದು ಆಮೇಲೆ. ಸರಿಯಾಗಿ ಓಡುವಾಗಲೂ ಪರದೆ ಮೇಲೆ 22, 23, 0 ಅಂತಲೇ ಬರುತ್ತಿತ್ತು! ಬರಲೇಬೇಕು, ಸುತ್ತು ಮುಗಿಯುವಷ್ಟರಲ್ಲಿ ರೀಸೆಟ್ ಆಗಿರುತ್ತದಲ್ಲ. ಚೆನ್ನಾಗಿ ಓಡುತ್ತಿದ್ದ ಎಂಟು ತಿಂಗಳಲ್ಲಿ ಒಮ್ಮೆಯಾದರೂ ಮಾನಿಟರ್ ನೋಡಿದ್ದರೆ, 24 ಕಾಣದಿರುವುದು ರೋಗದ ಲಕ್ಷಣ ಅಲ್ಲ ಅಂತ ಗೊತ್ತಿರುತ್ತಿತ್ತು. ಅಂದ ಹಾಗೆ, ರೀಸೆಟ್ ಅನ್ನು ಕೌಂಟರಿಗಿಂತಲೂ ಮೇಲೆ ಇಟ್ಟರೂ ಸಿಲಿಂಡರ್ ತಳ್ಳುತ್ತದೆ, ಅಳಿಸುವ ಕೆಲಸ ಮುಂದಿನ ಸುತ್ತಿಗೆ ಹೋಗುತ್ತದೆ. ಮೂರು ಜಾಗದಲ್ಲಿ ಕೆಟ್ಟದ್ದು ಒಂದೇ ಒಂದು. ನಾನು ಚೆಂದ ಅಂತ ಆರಿಸಿದ್ದು ಅದನ್ನೇ.

ಈಗ ನಿಮ್ಮದು. ನೀವು ಬರೆದದ್ದು ಬಹುಶಃ ಹೀಗಿರಬೇಕು:

```
LD  X0
ANI Y0
SET Y0

LD  X0
AND Y0
RST Y0
```

ಮೋಟಾರ್ ನಿಂತಿದೆ, ಬಟನ್ ಒತ್ತಿದಿರಿ. ಮೊದಲ ರಂಗ್ Y0 ಆನ್ ಮಾಡಿತು. ಎರಡನೆಯದು ಅದೇ ಸುತ್ತಿನಲ್ಲಿ ಆ ಹೊಸ Y0 ನೋಡಿ ಆಫ್ ಮಾಡಿತು. ಟರ್ಮಿನಲ್‌ಗೆ ಹೋಗಿದ್ದು ಆಫ್. ಔಟ್‌ಪುಟ್ ಎಲ್‌ಇಡಿ ಮಿನುಗುವುದೂ ಇಲ್ಲ. ಅದಲುಬದಲು ಮಾಡಿ ನೋಡಿ. ಮೋಟಾರ್ ಓಡುವಾಗ ಒತ್ತಿದರೆ ಮೊದಲು ಆಫ್, ಅದರ ಕೆಳಗಿನ ರಂಗ್ ಆಫ್ ಆಗಿದ್ದನ್ನು ನೋಡಿ ಮತ್ತೆ ಆನ್. ಅದಕ್ಕೇ ನಿಲ್ಲುತ್ತಿಲ್ಲ. ಸಿಪಿಯು ಸಾವಿರ ಪಟ್ಟು ವೇಗದ್ದಾದರೂ ಹೀಗೇ.

ಎರಡು ತೀರ್ಮಾನವನ್ನೂ ಮೊದಲೇ M ಬಿಟ್‌ಗಳಲ್ಲಿ ಬರೆದಿಟ್ಟು, Y0 ಅನ್ನು ಆಮೇಲೆ ಮುಟ್ಟಿ:

```
LDP X0
ANI Y0
OUT M1

LDP X0
AND Y0
OUT M2

LD  M1
SET Y0

LD  M2
RST Y0
```

`LDP` ಬೇಕೇ ಬೇಕು. ಬಟನ್ ಒತ್ತಿದ ಮೊದಲ ಸುತ್ತಿನಲ್ಲಿ ಮಾತ್ರ ಅದು ಆನ್ ಆಗುತ್ತದೆ. ಬರೀ `LD` ಹಾಕಿದರೆ ಬೆರಳು ಇರುವಷ್ಟು ಹೊತ್ತು ಪ್ರತಿ ಸುತ್ತಿಗೂ ಆನ್-ಆಫ್ ಆಗಿ ಕಾಂಟ್ಯಾಕ್ಟರ್ ಕಟಕಟ ಅನ್ನುತ್ತದೆ. ಇನ್ನೊಂದು ಮಾತು. ಕೆಲವು ದೊಡ್ಡ ಪಿಎಲ್‌ಸಿಗಳಲ್ಲಿ ಇನ್‌ಪುಟ್ ಬೆಲೆ ಸುತ್ತಿನ ಮಧ್ಯದಲ್ಲೂ ಬದಲಾಗುತ್ತದೆ. ಅಂಥದ್ದಾದರೆ X0 ಅನ್ನು ಮೊದಲ ರಂಗ್‌ನಲ್ಲೇ ಒಂದು M ಬಿಟ್‌ಗೆ ನಕಲು ಮಾಡಿ, ಮುಂದೆಲ್ಲ ಆ ನಕಲನ್ನೇ ಬಳಸಿ.

ಎಫ್‌ಎಕ್ಸ್‌ನಲ್ಲಿ ಇದಕ್ಕೆ `ALTP` ಅಂತ ಒಂದೇ ಸಾಲಿನ ಇನ್‌ಸ್ಟ್ರಕ್ಷನ್ ಇದೆ, ಯಾರಾದರೂ ಹೇಳೇ ಹೇಳುತ್ತಾರೆ. ನನ್ನ ಕೇಳಿದರೆ, ಮೋಟಾರಿಗೆ ಒಂದೇ ಬಟನ್ ಇಡುವ ಯೋಚನೆಯೇ ಬೇಡ. ಓಡುತ್ತಿದೆಯೋ ನಿಂತಿದೆಯೋ ಕಾಣದ ಜಾಗದಿಂದ ನಿಲ್ಲಿಸೋಣ ಅಂತ ಒತ್ತಿದವನು ಸ್ಟಾರ್ಟ್ ಮಾಡಿಬಿಡುತ್ತಾನೆ. ಹಸಿರು ಒಂದು, ಕೆಂಪು ಒಂದು ಹಾಕಿ:

```
LD  X0
OR  Y0
AND X1
OUT Y0
```

X1 ಕೆಂಪು ಬಟನ್. ಅದಕ್ಕೆ ಎನ್‌ಸಿ ಕಾಂಟ್ಯಾಕ್ಟ್‌ನಿಂದ ವೈರ್ ಎಳೆಯಿರಿ, ಆಗ ಇಲಿ ವೈರ್ ಕಡಿದರೂ ಮೋಟಾರ್ ನಿಲ್ಲುತ್ತದೆ. ಒಂದೇ ರಂಗ್, ಒಂದೇ ಕಾಯಿಲ್. ಅದಲುಬದಲು ಮಾಡೋಕೆ ಇಲ್ಲಿ ಎರಡನೇ ರಂಗೇ ಇಲ್ಲ.