ತೊಗರಿ ಚೀಟಿಗೆ ರೊಕ್ಕ ಕೊಡೋರು ಯಾರು?

ಪ್ರಶ್ನೆ: ಬೀದರ್ ಕಡೆಯವ. 19 ವರ್ಷ ಉದ್ದು, ಸೋಯಾ ಖರೀದಿಯಲ್ಲೇ ಕಳೆದಿದ್ದೀನಿ. ತಿಂಗಳಿಗೆ 100 ರೂಪಾಯಿ ಇಟ್ಟು ವಾಟ್ಸಾಪ್‌ನಲ್ಲಿ ಮಾರುಕಟ್ಟೆ ಪತ್ರ ಶುರು ಮಾಡಬೇಕು ಅಂತಿದ್ದೀನಿ. ನಡೀತದಾ? ಫಾರ್ವರ್ಡ್ ಆಗೋದನ್ನ ತಡೆಯೋದು ಹೆಂಗ?

ತಿಂಗಳಿಗೆ ನೂರರ ಲೆಕ್ಕ ಬಿಡ್ರಿ. ನಾನೂ ಅಲ್ಲಿಂದಲೇ ಶುರು ಮಾಡಿ ಕೈ ಸುಟ್ಟುಕೊಂಡವ. ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ತೊಗರಿ ಖರೀದಿ ನೋಡ್ತಿದ್ದೆ. ಕೆಲಸ ಬಿಟ್ಟ ಮೇಲೆ ತೊಗರಿ ಮಾರುಕಟ್ಟೆಯ ಪತ್ರ, ನಾನು ಚೀಟಿ ಅಂತೀನಿ, ಬರೆಯೋಕೆ ಕೂತೆ. (ನೀವಿನ್ನೂ ಯಾರದಾದರೂ ಸಂಬಳದಲ್ಲಿದ್ದರೆ ಮೊದಲು ಅದನ್ನ ಇತ್ಯರ್ಥ ಮಾಡಿಕೊಳ್ಳಿ. ಮಾಲೀಕರ ಖರೀದಿಯ ಗುಟ್ಟು ನಿಮ್ಮ ಚೀಟಿಯಲ್ಲಿ ಸೋರಿದರೆ ಮುಗೀತು.)

ಮೊದಲ ವರ್ಷ ರೈತರಿಗೆ ಅಂತ ಬರೆದೆ. ಜನವರಿಯಲ್ಲಿ 64 ಮಂದಿ ಇದ್ದರು, ಮೇ ತಿಂಗಳಿಗೆ ಒಂಬತ್ತು. ತಪ್ಪು ಅವರದಲ್ಲ. ಹೊಸ ತೊಗರಿ ಗಂಜಿಗೆ, ಅಂದರೆ ಮಾರುಕಟ್ಟೆಗೆ, ಬರೋದು ಡಿಸೆಂಬರಿನಿಂದ, ಮಾರ್ಚ್ ಹೊತ್ತಿಗೆ ರೈತನ ಮಾಲು ಮಾರಿ ಆಗಿರ್ತದೆ. ಏಪ್ರಿಲ್‌ನಲ್ಲಿ ಅವನು ಯಾಕೆ ನೂರು ಕೊಡಬೇಕು? ಮೇಲಾಗಿ ದರ ಅವನಿಗೆ ಅಡತಿ ಅಂಗಡಿಯಿಂದ ಪುಕ್ಕಟೆ ಗೊತ್ತಾಗ್ತದೆ.

ರೊಕ್ಕ ಕೊಡುವವನು ವರ್ಷಪೂರ್ತಿ ಕೊಳ್ಳುವವನು, ಅದೂ ಗಂಜಿಗೆ ಬಂದು ಮಾಲು ಕೈಯಲ್ಲಿ ಹಿಡಿದು ನೋಡಲಾಗದವನು. ಹೊರಜಿಲ್ಲೆಯ ಮಿಲ್ಲಿನವರು, ಲಾತೂರಿನ ವ್ಯಾಪಾರಿಗಳು. ಅವರಿಗೆ ದರ ಬೇಡ, ಮಾಲು ಹೆಂಗದ ಅನ್ನೋದು ಬೇಕು. ಒಂದು ಲೆಕ್ಕ ನೋಡಿ. ಕ್ವಿಂಟಲಿಗೆ 7,500ರಂತೆ 100 ಕ್ವಿಂಟಲ್ ತೊಗರಿ ಕೊಂಡರೆ ಏಳೂವರೆ ಲಕ್ಷ. ತೇವಾಂಶ ಶೇ 10 ಅಂತ ನಂಬಿ ಕೊಂಡ ಮಾಲು ಶೇ 12 ಇದ್ದರೆ, ಒಣಗಿಸುವಷ್ಟರಲ್ಲಿ ಸುಮಾರು ಎರಡು ಕ್ವಿಂಟಲ್ ತೂಕ ಹಾರಿ ಹೋಗ್ತದೆ. ಅಂದರೆ 15,000 ರೂಪಾಯಿ. ನನ್ನ ಚೀಟಿಗೆ ವರ್ಷಕ್ಕೆ 3,600. ಈ ಲೆಕ್ಕ ತೋರಿಸಿದ ಮೇಲೆ ಯಾರೂ ಚೌಕಾಸಿ ಮಾಡಿಲ್ಲ.

ಆದ್ದರಿಂದ ನನ್ನ ಚೀಟಿ ಹಿಂಗಿರ್ತದೆ: "ಇವತ್ತು ಆರು ಅಂಗಡಿಯ ರಾಶಿ ನೋಡಿದೆ. ಆಳಂದ ಕಡೆಯ ಮಾಲು ಒಣಗಿದೆ, ಹಲ್ಲಿಗೆ ಕಟ್ ಅಂತದೆ, ಮಷೀನಿನಲ್ಲಿ 10.4. ಜೇವರ್ಗಿ ಕಡೆಯದರಲ್ಲಿ ಮಳೆ ಹೊಡೆದ ಕಾಳು ಇದೆ, ಚೀಲದ ಮೇಲೆ ಚಲೋ, ತಳದಲ್ಲಿ ಮುಗ್ಗಲು ವಾಸನೆ." ಇಷ್ಟೇ. ಟೆಂಡರ್ ಹಾಕುವ ಮುಂಚೆ ಅವರ ಫೋನಿಗೆ ಮುಟ್ಟಬೇಕು. ಫಾರ್ವರ್ಡ್ ತಡೆಯೋ ಪ್ರಶ್ನೆಗೂ ಇದೇ ಉತ್ತರ: ಸಂಜೆ ಯಾರಿಗೆ ಕಳಿಸಿದರೂ ಅದು ಹಳಸಿದ ಅನ್ನ.

ರೊಕ್ಕ ನವೆಂಬರಿನಲ್ಲಿ, ಆವಕ ಶುರುವಾಗುವ ಮುಂಚೆ, ವರ್ಷದ್ದು ಒಂದೇ ಸಲ ಯುಪಿಐಯಲ್ಲಿ ತಗೋತೀನಿ. ಖಾಲಿ ತಿಂಗಳಲ್ಲಿ ಹದಿನೈದು ದಿನಕ್ಕೊಂದು ಚೀಟಿ. ಜುಲೈನಲ್ಲಿ ಬಿತ್ತನೆ, ಹೂವಿನ ಹೊತ್ತಿಗೆ ನೆಟೆ ರೋಗ. ಹೊಲಕ್ಕೆ ಹೋಗಿ ಒಣಗಿದ ಗಿಡದ ಕಾಂಡ ಸೀಳಿ ನೋಡ್ತೀನಿ. ಒಳಗೆ ಕಂದು-ಕಪ್ಪು ಗೆರೆ ಇದ್ದರೆ ರೋಗ, ಗೆರೆ ಇಲ್ಲದಿದ್ದರೆ ಬೇರೆ ಕಾರಣ, ಬಹುಶಃ ತೇವದ ಕೊರತೆ. ಆ ಫೋಟೋ ನೋಡಿಯೇ ಕೆಲವರು ಡಿಸೆಂಬರಿನ ಆವಕ ಅಂದಾಜು ಮಾಡ್ತಾರೆ.

ಸಬ್‌ಸ್ಟ್ಯಾಕ್ ಬಗ್ಗೆ ಯಾರಾದರೂ ಹೇಳ್ಯಾರು. ಅಲ್ಲಿ ರೊಕ್ಕ ಬರೋದು ಸ್ಟ್ರೈಪ್ ಮೂಲಕ, ನಮ್ಮಲ್ಲಿ ಆ ಖಾತೆ ಸುಲಭಕ್ಕೆ ಸಿಗಲ್ಲ. ಮೂವತ್ತು-ನಲವತ್ತು ಗಿರಾಕಿಗೆ ಅದು ಬೇಕೂ ಇಲ್ಲ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ತಲೆಬಿಸಿಯೂ ಇಲ್ಲ.

ನಾನು ಮಾಡಿದ ದೊಡ್ಡ ತಪ್ಪು ಭವಿಷ್ಯ ಹೇಳಿದ್ದು. ಬೆಂಬಲ ಬೆಲೆ 7,550 ಇದ್ದ ಹಂಗಾಮು. ಆವಕ ಕಡಿಮೆ ಕಂಡು "ದರ ಏರ್ತದೆ" ಅಂತ ಬರೆದೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ತೊಗರಿಯ ಸುಂಕರಹಿತ ಆಮದನ್ನ 2026ರ ಮಾರ್ಚ್‌ವರೆಗೆ ವಿಸ್ತರಿಸಿತು. ಗಂಜಿನ ರಾಶಿ ನೋಡಿದವನಿಗೆ ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಬರುವ ಹಡಗು ಹೆಂಗ ಕಾಣಬೇಕು? ಮಾಲು ಹಿಡಿದಿಟ್ಟ ಗಿರಾಕಿಯೊಬ್ಬರು ಫೋನ್ ಮಾಡಿ, "ಏನ್ರೀ ಸಾಹೇಬ್ರ, ನಿಮ್ಮ ಚೀಟಿ ಓದಿ ಕುಂತೆ, ಈಗ ಏನ್ ಮಾಡ್ಲಿ?" ಅಂದರು. ಉತ್ತರ ಇರಲಿಲ್ಲ. ಅವರ ವರ್ಷದ ರೊಕ್ಕ ವಾಪಸ್ ಕಳಿಸಿದೆ. ಆಮೇಲಿಂದ ಕಣ್ಣಾರೆ ಕಂಡಿದ್ದು ಮೇಲೆ, ನನ್ನ ಅಂದಾಜು ಗೆರೆ ಎಳೆದು ಕೆಳಗೆ.

ನಿಮ್ಮಲ್ಲಿ ಉದ್ದು ಮೊದಲು ಬರ್ತದೆ, ಅದರ ಬೆನ್ನಿಗೆ ಸೋಯಾ. ಹಂಗಾದರೆ ಉದ್ದು ಶುರುವಾಗುತ್ತಲೇ ಪರಿಚಯದ ಹತ್ತು ಮಿಲ್ಲಿನವರಿಗೆ ಮೂರು ವಾರ ಪುಕ್ಕಟೆ ಕಳಿಸಿ, ನಾಲ್ಕನೇ ವಾರ ಹೇಳದೆ ನಿಲ್ಲಿಸಿ. "ಇವತ್ತು ಯಾಕ ಬರ್ಲಿಲ್ಲ?" ಅಂತ ಎಷ್ಟು ಮಂದಿ ಫೋನ್ ಮಾಡ್ತಾರೆ ಎಣಿಸಿ. ನನಗೆ ನಾಲ್ಕು ಬಂದಿದ್ದವು, ನಾಲ್ವರೂ ಇವತ್ತಿಗೂ ಇದ್ದಾರೆ.