ಮುಕ್ಕಾಲು ಕೆಜಿ ಪೆಟ್ರೋಲ್, ಎರಡು ಕೆಜಿಗೂ ಜಾಸ್ತಿ ಹೊಗೆ

ಪ್ರಶ್ನೆ: ಸರ್, ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿನೂ ತೂಗಲ್ಲ, ಆದ್ರೂ 2.3 ಕೆಜಿ CO2 ಬರುತ್ತೆ ಅಂತಾರೆ. ಆಕ್ಟೇನ್ ಸೂತ್ರ ಹಾಕಿ ನೋಡಿದೆ, ನನಗೆ 2.1 ಬಂತು. ಎಲ್ಲಿ ತಪ್ಪಿದೆ? ಕಲ್ಲಿದ್ದಲಿಗೂ ಇದೇ ಲೆಕ್ಕನಾ?

ಉತ್ತರ: ಹೆಚ್ಚುವರಿ ತೂಕ ಗಾಳಿಯಿಂದ ಬರುತ್ತದೆ. 12 ಗ್ರಾಂ ಇಂಗಾಲ ಉರಿಯುವಾಗ ಗಾಳಿಯ 32 ಗ್ರಾಂ ಆಮ್ಲಜನಕವನ್ನು ಸೇರಿಸಿಕೊಂಡು 44 ಗ್ರಾಂ CO2 ಆಗುತ್ತದೆ. ಹಾಗಾಗಿ ಇಂಧನ ಯಾವುದೇ ಇರಲಿ, ಅದರಲ್ಲಿ ಇಂಗಾಲ ಎಷ್ಟಿದೆ ಅಂತ ಹುಡುಕಿ 44/12ರಿಂದ, ಅಂದರೆ ಸುಮಾರು 3.67ರಿಂದ ಗುಣಿಸಿದರೆ ಸಾಕು.

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ಐಸೊಆಕ್ಟೇನ್‌ನ ಲೆಕ್ಕ. C8H18ರಲ್ಲಿ ಇಂಗಾಲ 84.2%, ಲೀಟರಿನ ತೂಕ 690 ಗ್ರಾಂ, ಅಲ್ಲಿಗೆ 2.13 ಕೆಜಿ. ಪಂಪಿನಲ್ಲಿ ಸಿಗುವುದು ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಟಾಲ್ವಿನ್‌ನಂಥವೂ ಇರುತ್ತವೆ, ಅದರ ಲೀಟರ್ 870 ಗ್ರಾಂ ತೂಗುತ್ತದೆ, ಇಂಗಾಲ 91%. ಹೀಗಾಗಿ ಮಿಶ್ರಣದ ತೂಕವೂ ಏರುತ್ತದೆ, ಇಂಗಾಲದ ಪಾಲೂ ಏರುತ್ತದೆ. ಲೀಟರಿಗೆ 740 ಗ್ರಾಂ, ಇಂಗಾಲ 86% ಅಂತ ಹಿಡಿಯಿರಿ: 636 ಗ್ರಾಂ ಇಂಗಾಲ, ಗುಣಿಸಿದರೆ 2.33 ಕೆಜಿ. ಎಥನಾಲ್ ಬೆರೆತಿದ್ದರೆ ಇದು ಇಳಿಯುತ್ತದೆ, ಯಾಕೆಂದರೆ ಶುದ್ಧ ಎಥನಾಲ್ ಲೀಟರಿಗೆ ಕೊಡುವುದು 1.5 ಕೆಜಿ ಮಾತ್ರ.

ಕಲ್ಲಿದ್ದಲಿಗೂ ಇದೇ ಗುಣಾಕಾರ. ಆದರೆ ಇಲ್ಲಿ ಎಡವುವವರೇ ಜಾಸ್ತಿ, ಏಕೆಂದರೆ ಕಲ್ಲಿದ್ದಲಿಗೆ ಒಂದು ಸೂತ್ರವೇ ಇಲ್ಲ. ಲ್ಯಾಬ್ ವರದಿಯಲ್ಲಿ 'ಇಂಗಾಲ 80%, ಒಣ ಮತ್ತು ಬೂದಿರಹಿತ ಆಧಾರದಲ್ಲಿ' ಅಂತ ಇತ್ತು ಅನ್ನಿ. ಅದನ್ನು ನೇರವಾಗಿ ಒಂದು ಕೆಜಿಗೆ ಹಾಕಿದರೆ 2.9 ಕೆಜಿ CO2 ಬರುತ್ತದೆ, ಅದು ತಪ್ಪು. ಆ ಕಲ್ಲಿದ್ದಲಿನಲ್ಲಿ 10% ತೇವ, 30% ಬೂದಿ ಇದ್ದರೆ ಉರಿಯುವ ಭಾಗ 600 ಗ್ರಾಂ ಅಷ್ಟೇ. ಅದರ 80% ಅಂದರೆ 480 ಗ್ರಾಂ ಇಂಗಾಲ, CO2 1.76 ಕೆಜಿ. ಎಷ್ಟು ದೊಡ್ಡ ವ್ಯತ್ಯಾಸ ನೋಡಿ!

ಇನ್ನೊಂದು ತಪ್ಪು ಇದಕ್ಕೆ ಉಲ್ಟಾ. ವರದಿಯಲ್ಲಿ 'ಫಿಕ್ಸ್ಡ್ ಕಾರ್ಬನ್ 35%' ಅಂತ ಕಂಡ ಕೂಡಲೇ ಅದನ್ನೇ ಗುಣಿಸಿಬಿಡುತ್ತಾರೆ, 1.28 ಕೆಜಿ ಬರುತ್ತದೆ. ಅದು ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿದಾಗ ಬೂದಿ ಬಿಟ್ಟು ಉಳಿಯುವ ಘನ ಭಾಗ ಮಾತ್ರ. ಆವಿಯಾಗಿ ಹೋಗುವ ಟಾರು, ಮೀಥೇನ್‌ನಲ್ಲೂ ಇಂಗಾಲ ಇದೆ, ಒಲೆಯಲ್ಲಿ ಅದೂ ಉರಿಯುತ್ತದೆ. ಗುರುತು ಹಿಡಿಯುವುದು ಸುಲಭ: ತೇವ, ಬೂದಿ, ಆವಿಯಾಗುವ ಅಂಶ, ಫಿಕ್ಸ್ಡ್ ಕಾರ್ಬನ್, ಈ ನಾಲ್ಕೂ ಕೂಡಿ 100 ಆದರೆ ಅದು ಪ್ರಾಕ್ಸಿಮೇಟ್ ವರದಿ. ನಿಮಗೆ ಬೇಕಾದ್ದು ಇಂಗಾಲ, ಹೈಡ್ರೋಜನ್, ಗಂಧಕ ಅಂತ ಧಾತುಗಳನ್ನೇ ಬಿಡಿಸಿ ಹೇಳುವ ಅಲ್ಟಿಮೇಟ್ ವರದಿ.

ಎಲ್ಲಾ ಇಂಗಾಲವೂ ಉರಿಯಿತು ಅಂತ ಇಲ್ಲಿ ಅಂದುಕೊಂಡಿದ್ದೇವೆ. ಬೂದಿಯಲ್ಲಿ 12 ಗ್ರಾಂ ಉರಿಯದೆ ಉಳಿದಿದ್ದರೆ 44 ಗ್ರಾಂ ಕಳೆಯಿರಿ.