ಮಳೆಯ ಸಪ್ಪಳಕ್ಕೆ ನೆರೆಯ ರಾತ್ರಿ ಮರಳಿದಾಗ

ತಗಡಿನ ಮೇಲೆ ಮಳೆ ಬಿದ್ದರೆ ಸಾಕು, 2019ರಲ್ಲಿ ಮಲಪ್ರಭೆಯ ನೀರು ಮನೆಗೆ ನುಗ್ಗಿದ ರಾತ್ರಿಯಲ್ಲೇ ಇದ್ದಂತಾಗುತ್ತದೆ. ಮನಸ್ಸನ್ನು ಈ ಹೊತ್ತಿಗೆ ಮರಳಿ ತರಲು ಸುತ್ತಲಿನ ಐದು ವಸ್ತು ನೋಡು, ನಾಲ್ಕು ಮುಟ್ಟು, ಮೂರು ಸದ್ದು ಕೇಳು ಎಂದು ಎಣಿಸಿದರೆ ಮೂರಕ್ಕೆ ಬರುವಷ್ಟರಲ್ಲಿ ಗಾಬರಿ ಇನ್ನೂ ಹೆಚ್ಚಾಗುತ್ತದೆ. ಏನು ಮಾಡಲಿ?

ಮೂರು ಎಂದರೆ ಕಿವಿಯ ಸರದಿ, ನಿಮ್ಮ ನೆನಪನ್ನು ಎಬ್ಬಿಸುವುದೂ ಕಿವಿಯೇ. ಆದ್ದರಿಂದ ಆ ಹೆಜ್ಜೆಯನ್ನು ಬಿಟ್ಟುಬಿಡಿ. ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ ಎಂಬ ಸಾಮಾನ್ಯ ಸಲಹೆಯೂ ನೆರೆ ಕಂಡವರಿಗೆ ತಿರುಗುಬಾಣವಾಗಬಹುದು. ಆ ರಾತ್ರಿಯಲ್ಲಿ ಇರದಿದ್ದ ವಸ್ತುಗಳನ್ನೇ ಆರಿಸಿಕೊಳ್ಳಬೇಕು.

ಕಣ್ಣು ಮುಚ್ಚಬೇಡಿ, ಮುಚ್ಚಿದರೆ ಚಿತ್ರ ಗಟ್ಟಿಯಾಗುತ್ತದೆ. ದೀಪ ಹಾಕಿ, ಒಣ ನೆಲಕ್ಕೆ ಅಂಗಾಲು ಒತ್ತಿ, ನೆರೆಯ ನಂತರ ಹೊಲಿಸಿದ ಕೌದಿಯೊಂದನ್ನು ತೊಡೆಯ ಮೇಲೆ ಎಳೆದುಕೊಂಡು ಅದರ ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸುತ್ತ, "ಇದು ಕೆಂಪು ತುಂಡು, ಇಲ್ಲಿ ದಾರ ದಪ್ಪ, ಇಲ್ಲಿ ಗಂಟು" ಎಂದು ಬಾಯಿಬಿಟ್ಟು ಹೇಳಿ. ಬರೀ ಎಣಿಕೆ ಯಾಂತ್ರಿಕವಾಗುತ್ತದೆ, ವಿವರ ಹೇಳಲು ಗಮನ ಇಲ್ಲಿಗೇ ಬರಬೇಕಾಗುತ್ತದೆ. ಆಮೇಲೆ ಲವಂಗವೊಂದನ್ನು ಮೂಸಿ, ಕಚ್ಚಿ. ಇಂದಿನ ವಾರ, ವರ್ಷಗಳನ್ನು ತಡವರಿಸದೆ ಹೇಳಲು ಬಂದರೆ ಹಿಡಿತ ಸಿಕ್ಕಿದೆ ಎಂದರ್ಥ. ಎದೆಬಡಿತ ಇಳಿಯಲು ಇನ್ನಷ್ಟು ಹೊತ್ತು ಬೇಕಾಗಬಹುದು. ಇದನ್ನು ಬಿಸಿಲಿನ ದಿನಗಳಲ್ಲಿ ಅಭ್ಯಾಸ ಮಾಡಿಟ್ಟುಕೊಳ್ಳದಿದ್ದರೆ ಮಳೆಯ ರಾತ್ರಿ ನೆನಪಿಗೇ ಬರುವುದಿಲ್ಲ.

ಇದು ಆ ಹೊತ್ತನ್ನು ದಾಟಿಸುತ್ತದೆಯೇ ಹೊರತು ನೆನಪನ್ನು ವಾಸಿಮಾಡುವುದಿಲ್ಲ. ಪದೇ ಪದೇ ಮರುಕಳಿಸಿ ನಿದ್ದೆ, ಕೆಲಸ ಕೆಡುತ್ತಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹೋಗಿ. ಟೆಲಿ ಮನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.